ಎಡ ಐದು, ಬಲ ಆರು

ಅಂಗಡಿಗೆ ಹೊಸಬರು ಸೇರಿದರೆಂದರೆ ತಾಳೆಯಕ್ಕನ ಸಡಗರ ಹೇಳತೀರದು. ಅವಳ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಶೂ ಅಂಗಡಿಯ ಮ್ಯಾನೇಜರ್ ಎಂದಮೇಲೆ ಕೆಲಸ ನೂರೆಂಟು ಇರುತ್ತವೆ. ಆದರೆ ಹೊಸಬರ ಎರಡನೆಯ ದಿನ ಬೆಳಿಗ್ಗೆ, ಶಟರ್ ಅರ್ಧ ಎತ್ತಿ, ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಅವರನ್ನು ಕೂರಿಸಿ ಅವಳು ಆಡುವ ಮಾತಿದೆಯಲ್ಲ, ಅದರ ಮುಂದೆ ಮಿಕ್ಕಿದ್ದೆಲ್ಲ ಅವಳಿಗೆ ಸಪ್ಪೆ. ಮೊದಲನೆಯ ದಿನವೇ ಯಾಕೆ ಆಡುವುದಿಲ್ಲ ಎಂದು ಕೇಳಿದರೆ, ಮೊದಲ ದಿನ ಯಾರ ತಲೆಗೂ ಏನೂ ಇಳಿಯುವುದಿಲ್ಲ ಎನ್ನುತ್ತಾಳೆ. ಈ ಸಿದ್ಧಾಂತವೇ ಒಂದು ದಿನ ಅವಳಿಗೆ ತಿರುಗುಬಾಣವಾಯಿತು. ಅದನ್ನೇ ಹೇಳಹೊರಟಿದ್ದೇನೆ.

ತಾಳೆಯಕ್ಕ ಎನ್ನುವುದು ಅಡ್ಡಹೆಸರು. ಕಂಪ್ಯೂಟರಿನಲ್ಲಿ ಇರುವುದಕ್ಕೂ ರ‍್ಯಾಕಿನಲ್ಲಿ ಇರುವುದಕ್ಕೂ ತಾಳೆ ನೋಡದೆ ಅವಳು ಮನೆಗೆ ಹೋದವಳಲ್ಲ, ಅದಕ್ಕೇ ಆ ಹೆಸರು. ಹರೆಯದಲ್ಲಿ ಇದೇ ಅಂಗಡಿಗೆ ಪೆಟ್ಟಿಗೆಗಳ ಧೂಳು ಒರೆಸಲು ಬಂದವಳು, ಧೂಳು ಒರೆಸುತ್ತ ಒರೆಸುತ್ತಲೇ ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂದು ಕಲಿತಳು, ಕೌಂಟರಿಗೆ ಬಂದಳು, ಈಗ ಬೀಗದ ಕೈ ಅವಳ ಸೊಂಟದಲ್ಲಿದೆ. ಗಂಡ ಎಲೆಕ್ಟ್ರಿಷಿಯನ್, ತಮಾಷೆಯ ಮನುಷ್ಯ. "ನಿನ್ನ ಕಟ್ಕೊಂಡ್ಮೇಲೆ ನಮ್ಮನೇಲಿ ಒಂಟಿ ಕಾಲುಚೀಲ ಅನ್ನೋದನ್ನ ನಾನು ಕಣ್ಣಲ್ಲಿ ನೋಡಿಲ್ಲ ಕಣೇ" ಎಂದು ರೇಗಿಸುತ್ತಾನೆ. ಅತ್ತೆಯಂತೂ ಬಂದವರ ಮುಂದೆಲ್ಲ ಅದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಸೊಸೆಗೆ ರಾಜ್ಯ ಸಿಕ್ಕಿದ ಹಾಗೆ.

ಅವತ್ತು ಹೊಸಬರು ಇಬ್ಬರೇ. ಒಬ್ಬ ಲಂಬೂ, ರ‍್ಯಾಕಿನ ಮೇಲಿನ ಅರೆಗೆ ಏಣಿ ಇಲ್ಲದೆ ಕೈ ಹಾಕುವ ಎತ್ತರದವನು, ಹಿಂದೆ ಕೊರಿಯರ್ ಹಂಚುತ್ತಿದ್ದವನು. ಇನ್ನೊಬ್ಬರು ವರ್ಷಗಟ್ಟಲೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು, ನಿಂತು ನಿಂತು ಸೊಂಟ ಹಿಡಿದ ಮೇಲೆ ಆ ಕೆಲಸ ಬಿಟ್ಟು ಬಂದವರು. ಅವರಿಗೆ ಅಂಗಡಿಯಲ್ಲಿ ಬೇರೆ ಹೆಸರು ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ. ಹಿಂದಿನ ದಿನ ಸಂಜೆ ಗಿರಾಕಿಗಳ ನೂಕುನುಗ್ಗಲಿನಲ್ಲಿ ಅವರೂ ನಾಲ್ಕಾರು ಜೊತೆ ಮಾರಿದ್ದರು, ಅದರ ಗತ್ತು ಮುಖದ ಮೇಲೆ ಇನ್ನೂ ಇತ್ತು.

"ಕಂಪ್ಯೂಟರಲ್ಲಿ ಒಂದು ಅಂತ ಇದೆ, ರ‍್ಯಾಕಲ್ಲಿ ಇಲ್ಲ. ಆಗ ಏನಾಗುತ್ತೆ ಹೇಳಿ," ಎಂದು ತಾಳೆಯಕ್ಕ ಶುರು ಮಾಡಿದಳು.

"ಗಿರಾಕಿ ಬೈತಾನೆ," ಎಂದ ಲಂಬೂ.

"ಬೈದ್ರೆ ಪುಣ್ಯ. ಬೈದೋನು ತಿರುಗಿ ಬರ್ತಾನೆ. ಸುಮ್ಮನೆ ಹೋದೋನು ಬರಲ್ಲ. ಅದು ಹಾಗಿರಲಿ. ಮಾಲು ಖಾಲಿಯಾದ್ರೆ ಹೊಸದು ತರಿಸೋದು ಯಾರು? ಕಂಪ್ಯೂಟರು. ಅದಕ್ಕೆ ಕಣ್ಣಿದೆಯಾ? ನಾವು ಹೇಳಿದ್ದೇ ಅದಕ್ಕೆ ವೇದವಾಕ್ಯ. ಒಂದಿದೆ ಅಂತ ನಾವು ಹೇಳಿಟ್ಟಿದ್ರೆ, ಇದೆಯಲ್ಲ ಅಂತ ಅದು ತರಿಸೋದೇ ಇಲ್ಲ. ರ‍್ಯಾಕ್ ಖಾಲಿ ಬಿದ್ದಿರುತ್ತೆ, ಕೇಳೋಕೆ ಬಂದೋರೆಲ್ಲ ವಾಪಸ್ಸು ಹೋಗ್ತಾರೆ, ಕಂಪ್ಯೂಟರು ಮಾತ್ರ ಈ ಸೈಜು ಯಾರಿಗೂ ಬೇಡ, ಮಾರಾಟವೇ ಇಲ್ಲ ಅನ್ಕೊಂಡು ಆರಾಮಾಗಿರುತ್ತೆ."

ಹೇಳುತ್ತ ಹೇಳುತ್ತ ಅವಳ ದನಿ ಏರಿತು, ಕೈಗಳು ಗಾಳಿಯಲ್ಲಿ ಆಡಿದವು. ಹಳಬರು ಕೌಂಟರಿನ ಹಿಂದೆ ಮುಸಿಮುಸಿ ನಕ್ಕರು. ಅವರಿಗೆಲ್ಲ ಇದು ಬಾಯಿಪಾಠ.

"ಅದಕ್ಕೇ ದಿನಾ ಒಂದು ರ‍್ಯಾಕು. ಪೆಟ್ಟಿಗೆ ಎಣಿಸೋದಷ್ಟೇ ಅಲ್ಲ, ಮುಚ್ಚಳ ತೆಗೆದು ಎಡ ಬಲ ಎರಡೂ ನೋಡಿ, ಒಳಗೆ ಅಚ್ಚಾಗಿರೋ ಸೈಜನ್ನ ಪೆಟ್ಟಿಗೆ ಚೀಟಿ ಜೊತೆ ತಾಳೆ ನೋಡೋದು. ವಾರ ತುಂಬೋದ್ರೊಳಗೆ ಅಂಗಡಿ ಪೂರ್ತಿ ಒಂದು ಸುತ್ತು ಆಗಿರಬೇಕು. ಚೆನ್ನಾಗಿ ಓಡೋ ಮಾಲಿನ ರ‍್ಯಾಕುಗಳು ಇನ್ನೂ ಬೇಗ. ಓಟದ ಶೂ ರ‍್ಯಾಕನ್ನ ಮೊನ್ನೆ ಸಂಜೆ ನಾನೇ ನೋಡಿದ್ದೀನಿ."

ಕಂಡಕ್ಟರರಿಗೆ ಇದು ಅತಿ ಎನಿಸಿತು. "ಮೇಡಂ, ತಪ್ಪು ತಿಳ್ಕೋಬೇಡಿ. ವರ್ಷಕ್ಕೊಂದ್ಸಲ ಎಲ್ಲ ಎಣಿಸಿಬಿಟ್ರೆ ಆಯ್ತಲ್ಲ. ದಿನಾ ಯಾಕೆ ಈ ತಲೆನೋವು?"

ತಾಳೆಯಕ್ಕ ಇಂಥ ಪ್ರಶ್ನೆಗೇ ಕಾಯುವವಳು. ಕಣ್ಣು ಮಿನುಗಿತು. "ಅಣ್ಣ, ಬಸ್ಸಲ್ಲಿ ಟಿಕೆಟ್ ನಂಬರನ್ನ ನೀವು ಡಿಪೋಗೆ ಹೋದ್ಮೇಲೆ ಬರೀತಿದ್ರಾ?"

"ಛೆ ಛೆ. ಸ್ಟೇಜಿಂದ ಸ್ಟೇಜಿಗೆ ಬರೀಬೇಕು."

"ಯಾಕೆ?"

"ಹೆಚ್ಚುಕಮ್ಮಿ ಆದ್ರೆ ಯಾವ ಸ್ಟೇಜಲ್ಲಿ ಆಯ್ತು ಅಂತ ಗೊತ್ತಾಗ್ಬೇಕಲ್ಲ. ಕೊನೇಲಿ ನೋಡಿದ್ರೆ..." ಎಂದವರು ಅಲ್ಲಿಗೇ ನಿಲ್ಲಿಸಿ, ತಲೆ ಕೆರೆದುಕೊಂಡು ನಕ್ಕರು.

ಅಷ್ಟರಲ್ಲಿ ಫೋನು ರಿಂಗಾಯಿತು.

ಮಾತಾಡಿದವರು ಒಬ್ಬ ಕ್ಷೌರಿಕರು. ಮಗಳು ಓಟಗಾರ್ತಿ. ಇವತ್ತು ಮಧ್ಯಾಹ್ನಕ್ಕೆ ಮುಂಚೆ ಮೈದಾನದ ಒಂದು ಸುತ್ತಿನ ಓಟದ ಫೈನಲ್. ಮೊದಲು ಬಂದ ಇಬ್ಬರಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು, ಊಟ, ಓದು, ತರಬೇತಿ ಎಲ್ಲ ಉಚಿತ, ಮೂರನೆಯವರಿಗೆ ಚಪ್ಪಾಳೆ. ನಿನ್ನೆ ಸಂಜೆ ಟ್ರ್ಯಾಕಿನಲ್ಲಿ ಓಡುವಾಗ ಹಾಕುವ ಅವಳ ಮೊಳೆ ಶೂವಿನ ಅಟ್ಟೆ ಬಾಯಿಬಿಟ್ಟಿದೆ. ಸೈಜು ಐದು. ಇನ್ನೆರಡು ಅಂಗಡಿಗಳಲ್ಲಿ ಇಲ್ಲ ಅಂದರು.

ತಾಳೆಯಕ್ಕ ಕಂಪ್ಯೂಟರ್ ನೋಡಿದಳು. ಮೊಳೆ ಶೂ, ಐದು: ಒಂದು ಜೊತೆ. ಆರು: ಇಲ್ಲ, ನಿನ್ನೆ ಮಾರಿದೆ. ಎದ್ದು ಹೋಗಿ ರ‍್ಯಾಕನ್ನೂ ನೋಡಿದಳು, ಐದರ ಪೆಟ್ಟಿಗೆ ಅಲ್ಲೇ ಇತ್ತು. "ಇದೆ. ಬನ್ನಿ, ನಿಮಗೇ ಅಂತ ಎತ್ತಿಡ್ತೀನಿ," ಎಂದಳು. ಫೋನಿಟ್ಟು ಹೊಸಬರ ಕಡೆ ತಿರುಗಿದಾಗ ಅವಳ ಮುಖ ನೋಡಬೇಕಿತ್ತು. "ನೋಡಿದ್ರಾ? ಆ ಮನುಷ್ಯ ಊರೆಲ್ಲ ಅಲೀತಿದ್ದಾನೆ. ಇದೆ ಅಂತ ಒಂದು ಮಾತು ನಾವು ಧೈರ್ಯವಾಗಿ ಹೇಳ್ಬೇಕಾದ್ರೆ ದಿನಾ ತಾಳೆ ನೋಡಿರಬೇಕು."

ಮಾತು ನಿಜವೇ. ಆದರೆ ಈ ಉತ್ಸಾಹದಲ್ಲಿ ಒಂದು ಕೆಲಸ ಅವಳು ಮಾಡಲಿಲ್ಲ. ಪೆಟ್ಟಿಗೆಯನ್ನು ನೋಡಿದಳೇ ಹೊರತು ಮುಚ್ಚಳ ತೆಗೆಯಲಿಲ್ಲ.

ಅಪ್ಪ ಮಗಳು ಸ್ಕೂಟರಿನಲ್ಲಿ ಬಂದಿಳಿದರು. ಹುಡುಗಿ ಕಡ್ಡಿಯಂತಿದ್ದಳು, ಎದೆಗೆ ನಂಬರ್ ಚೀಟಿ ಆಗಲೇ ಅಂಟಿಸಿಕೊಂಡಿದ್ದಳು. ಎಡಗಾಲಿಗೆ ಶೂ ಹಾಕಿದಳು, ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಅವಳ ಮುಖ ಅರಳಿತು, ಅಪ್ಪನ ಮುಖವೂ ಅರಳಿತು. ಬಲಗಾಲಿಗೆ ಹಾಕಿದಳು. ಹಿಮ್ಮಡಿಯ ಹಿಂದೆ ಒಂದು ಬೆರಳು ಸಲೀಸಾಗಿ ಹೋಗಿಬಂತು.

ತಾಳೆಯಕ್ಕ ಬಗ್ಗಿ ಎರಡೂ ಶೂಗಳ ಲೇಸಿನ ಕೆಳಗಿನ ನಾಲಗೆ ಎತ್ತಿ ನೋಡಿದಳು. ಎಡದಲ್ಲಿ ಐದು ಎಂದಿತ್ತು, ಬಲದಲ್ಲಿ ಆರು. ಎತ್ತು ಏರಿಗೆ, ಕೋಣ ನೀರಿಗೆ.

"ಹತ್ತಿ ತುರುಕಿದ್ರೆ ಆಗಲ್ವಾ ಅಮ್ಮ?" ಎಂದು ಅಪ್ಪ ಕೇಳಿದರು.

"ತಿರುವಿನಲ್ಲಿ ಕಾಲು ಒಳಗೇ ಜಾರುತ್ತೆ. ಅಡಿಯಲ್ಲಿ ಮೊಳೆ ಇದೆ. ಬಿದ್ರೆ ಏನು ಗತಿ? ನಾನಂತೂ ಕೊಡಲ್ಲ."

ಹುಡುಗಿ ಕೆಳತುಟಿ ಕಚ್ಚಿಕೊಂಡು ಎಡಗಾಲಿನ ಶೂವನ್ನೇ ನೋಡುತ್ತ ಕೂತಳು. ಇದೆ, ಬನ್ನಿ ಎಂದು ಬಾಯಿಬಿಟ್ಟು ಹೇಳಿ ಕರೆಸಿದವಳಿಗೆ ಆ ನೋಟ ಕೆನ್ನೆಗೆ ಹೊಡೆದಂತಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇಲ್ಲಿ ಹೋಗುವುದರಲ್ಲಿದ್ದದ್ದು ಅವಳ ಮಾನವಲ್ಲ, ಆ ಹುಡುಗಿಯ ಹಾಸ್ಟೆಲ್ ಸೀಟು.

ಆಮೇಲೆ ತಾಳೆಯಕ್ಕನ ತಲೆ ಓಡಿದ ಓಟವಿದೆಯಲ್ಲ, ಮೈದಾನದಲ್ಲೂ ಅವತ್ತು ಯಾರೂ ಹಾಗೆ ಓಡಿರಲಿಕ್ಕಿಲ್ಲ. ಮೊನ್ನೆ ಸಂಜೆ ಈ ಪೆಟ್ಟಿಗೆಯನ್ನು ಅವಳೇ ತೆರೆದು ನೋಡಿದ್ದಳು, ಎರಡೂ ಐದೇ ಇದ್ದವು. ಅದಾದ ಮೇಲೆ ಈ ಬಗೆಯ ಶೂ ಎಷ್ಟು ಮಾರಿದೆ? ಕಂಪ್ಯೂಟರಿನಲ್ಲಿ ಒಂದೇ ಬಿಲ್ಲು. ನಿನ್ನೆ ಸಂಜೆ, ಸೈಜು ಆರು. ಅಂದಮೇಲೆ ಐದರ ಬಲಗಾಲು ಬೇರೆಲ್ಲೂ ಹೋಗಿರಲು ಸಾಧ್ಯವಿಲ್ಲ, ಆ ಬಿಲ್ಲಿನವರ ಮನೆಯಲ್ಲೇ ಇರಬೇಕು.

"ನಿನ್ನೆ ಮೊಳೆ ಶೂ ಮಾರಿದ್ದು ಯಾರು?"

ಕಂಡಕ್ಟರರು ಬಿಳಿಚಿಕೊಂಡಿದ್ದರು. "ನಾನೇ ಮೇಡಂ. ಆ ಹುಡುಗಿ ಒಂದು ಕಾಲಿಗೆ ಆರು, ಇನ್ನೊಂದಕ್ಕೆ ಐದು ಹಾಕಿ ನೋಡಿದ್ಲು, ಯಾವುದು ಸರಿ ಅಂತ. ಆರೇ ಇರಲಿ ಅಂದ್ಲು. ಅವಳ ಕಾಲಿಂದ ಬಿಚ್ಚಿದ್ದೇ ಒಂದು ಜೊತೆ ಅನ್ಕೊಂಡು ಆರರ ಪೆಟ್ಟಿಗೆಗೆ ಹಾಕ್ಬಿಟ್ಟೆ. ಹಾಕದೇ ಉಳಿದಿದ್ದನ್ನ ಐದರ ಪೆಟ್ಟಿಗೆಗೆ." ಅವರ ದನಿ ಇಳಿಯಿತು. "ನನ್ನ ಕೆಲಸ ಹೋಯ್ತು ಅನ್ನಿ."

"ಇವತ್ತು ಆಡಿದ ಮಾತನ್ನ ನಿನ್ನೆ ಬೆಳಿಗ್ಗೇನೇ ನಾನು ಹೇಳಿದ್ದಿದ್ರೆ ನೀವು ಹಾಗೆ ಮಾಡ್ತಿರಲಿಲ್ಲ. ತಪ್ಪಿನ ಪಾಲು ಆಮೇಲೆ ಹಂಚ್ಕೊಳ್ಳೋಣ. ಆ ಹುಡುಗಿ ಮುಖ ನೆನಪಿದೆಯಾ?"

"ವರ್ಷಗಟ್ಟಲೆ ಬಸ್ಸಲ್ಲಿ ಮುಖ ನೋಡೇ ಬದುಕಿದ್ದು ಮೇಡಂ. ಟಿಕೆಟ್ ತಗೊಳ್ದೆ ಇದ್ದೋರದ್ದಂತೂ ಇನ್ನೂ ನೆನಪಿದೆ."

ಬಿಲ್ಲಿನ ಮೇಲೆ ಫೋನ್ ನಂಬರಿತ್ತು. ತಾಳೆಯಕ್ಕ ಮಾಡಿದಳು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು, ಎತ್ತಲಿಲ್ಲ. ಆಗ ಸ್ಟೂಲಿನ ಮೇಲಿದ್ದ ಹುಡುಗಿ ಮೊದಲ ಸಲ ಬಾಯಿಬಿಟ್ಟಳು. "ಅಕ್ಕ, ಮೊಳೆ ಶೂ ಹಾಕ್ಕೊಂಡು ಯಾರೂ ಮಾರ್ಕೆಟಿಗೆ ಹೋಗಲ್ಲ. ನಿನ್ನೆ ತಗೊಂಡಿದಾಳೆ ಅಂದ್ರೆ ಇವತ್ತು ಮೈದಾನದಲ್ಲೇ ಇರ್ತಾಳೆ."

"ಅಯ್ಯೋ ನನ್ನ ಬಂಗಾರಿ," ಎಂದಳು ತಾಳೆಯಕ್ಕ, ಅವಳ ಕೆನ್ನೆ ಹಿಂಡಿ. "ನಡಿ, ಹೊರಡೋಣ."

ಅಪ್ಪನ ಸ್ಕೂಟರಿನಲ್ಲಿ ಮಗಳು, ತಾಳೆಯಕ್ಕನ ಸ್ಕೂಟರಿನ ಹಿಂದೆ ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡ ಕಂಡಕ್ಟರರು. ರಸ್ತೆಯಲ್ಲಿ ಎಲ್ಲ ಕೆಂಪು ದೀಪಗಳೂ ಮಾತಾಡಿಕೊಂಡು ಅಡ್ಡ ನಿಂತ ಹಾಗಿತ್ತು. ಒಂದು ಸಿಮೆಂಟ್ ಲಾರಿ ಮುಂದೆ ತೆವಳುತ್ತಿತ್ತು. "ಎಡಕ್ಕೆ ಜಾಗ ಇದೆ ಹೋಗ್ಲಿ, ಹೋಗ್ಲಿ," ಎಂದು ಹಿಂದಿನಿಂದ ಕಂಡಕ್ಟರರು ಸೀಟು ತಟ್ಟುತ್ತಿದ್ದರು. ಹಳೆಯ ಅಭ್ಯಾಸ ಎಲ್ಲಿ ಹೋಗುತ್ತದೆ ಹೇಳಿ. ಭಯದ ನಡುವೆಯೂ ತಾಳೆಯಕ್ಕನಿಗೆ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷದಲ್ಲಿ ಲೆಕ್ಕದ ತಪ್ಪೊಂದನ್ನು ಹೀಗೆ ಗಾಡಿ ಹತ್ತಿ ಬೆನ್ನಟ್ಟಿದ್ದು ಇದೇ ಮೊದಲು, ಅವಳ ಮೈಯೆಲ್ಲ ಝುಮ್ಮೆನ್ನುತ್ತಿತ್ತು.

ಮೈದಾನದಲ್ಲಿ ಜನವೋ ಜನ. ಒಂದು ಕಡೆ ಗುಂಡೆಸೆತ, ಒಂದು ಕಡೆ ಎತ್ತರ ಜಿಗಿತ, ಮೈಕಿನಲ್ಲಿ ಬಿಡುವಿಲ್ಲದೆ ಕೂಗು. ಒಂದು ಸುತ್ತಿನ ಫೈನಲಿನವರು ಬಂದು ಹೆಸರು ಹೇಳಬೇಕೆಂದು ಮೊದಲ ಕರೆ ಆಗಿಹೋಗಿತ್ತು. ತಾಳೆಯಕ್ಕ ನೇರ ಮೈಕಿನವನ ಬಳಿಗೆ ಹೋದಳು. ಅವನು ಮೊದಲು ಒಪ್ಪಲಿಲ್ಲ. ಶೂ ಅಂಗಡಿಯ ಜಾಹೀರಾತು ಇಲ್ಲಿ ನಡೆಯಲ್ಲ ಎಂದ. ಅವಳು ಎರಡು ಶೂಗಳ ನಾಲಗೆ ಎತ್ತಿ ಅವನ ಮೂಗಿನ ಕೆಳಗೆ ಹಿಡಿದಳು. ಅವನಿಗೆ ಅರ್ಥವಾಯಿತು, ಕೂಗಿದ. "ನಿನ್ನೆ ಸಂಜೆ ಆರನೇ ಸೈಜಿನ ಮೊಳೆ ಶೂ ಕೊಂಡವರು ದಯವಿಟ್ಟು ಇಲ್ಲಿಗೆ ಬರಬೇಕು."

ಯಾರೂ ಬರಲಿಲ್ಲ. ಎರಡನೆಯ ಕರೆ ಆಯಿತು. ಕ್ಷೌರಿಕರು ಮಗಳ ಹೆಗಲು ಹಿಡಿದು ನಿಂತಿದ್ದರು. ಅವರಿಗೆ ಬೈಯಲಿಕ್ಕೂ ತ್ರಾಣವಿರಲಿಲ್ಲ. ಅವರು ಒಂದು ಮಾತು ಬೈದಿದ್ದರೆ ತಾಳೆಯಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಮೇಡಂ, ಅಲ್ಲಿ," ಎಂದರು ಕಂಡಕ್ಟರರು. ಗ್ಯಾಲರಿಯ ತುತ್ತತುದಿಯಲ್ಲಿ, ಎಲ್ಲರಿಂದ ದೂರ, ಒಬ್ಬ ಹುಡುಗಿ ಬರಿಗಾಲಿನಲ್ಲಿ ಮಂಡಿಗೆ ಮುಖ ಹಚ್ಚಿ ಕೂತಿದ್ದಳು. ಅವಳ ಎದೆಯ ಮೇಲೂ ನಂಬರ್ ಚೀಟಿ ಇತ್ತು. ಸೊಂಟ ಹಿಡಿದ ಮನುಷ್ಯ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿದರು, ಹಿಂದೆಯೇ ತಾಳೆಯಕ್ಕ ಏದುಸಿರು ಬಿಡುತ್ತ ಹತ್ತಿದಳು.

"ಮಗಾ, ನಿನ್ನ ಶೂ ಎಲ್ಲಿ?"

ಹುಡುಗಿ ತಲೆ ಎತ್ತಿ ಕಂಡಕ್ಟರರನ್ನು ಗುರುತಿಸಿದಳು. "ಚೀಲದಲ್ಲಿದೆ. ನಾನು ಓಡ್ತಿಲ್ಲ ಅಣ್ಣ. ನನ್ನ ಕಾಲು ಸರಿ ಇಲ್ಲ."

"ನಿನ್ನ ಕಾಲು ಸರಿಯಾಗೇ ಇದೆ ತಾಯಿ. ನನ್ನ ಕೈ ಸರಿ ಇರ್ಲಿಲ್ಲ," ಎಂದು ಅವರು ಚೀಲದಿಂದ ಬಲಗಾಲಿನ ಶೂ ತೆಗೆದು ಅದರ ನಾಲಗೆ ಎತ್ತಿ ತೋರಿಸಿದರು. ಐದು. ತಾಳೆಯಕ್ಕ ಪೆಟ್ಟಿಗೆಯಿಂದ ಆರನ್ನು ತೆಗೆದು ಅವಳ ಕೈಗಿಟ್ಟಳು.

ಆಮೇಲಿನದು ಕಣ್ಣು ಮಿಟುಕಿಸುವುದರೊಳಗೆ ನಡೆಯಿತು. ಮೂರನೆಯ ಕರೆಗೆ ಇಬ್ಬರು ಹುಡುಗಿಯರೂ ಓಡಿಹೋಗಿ ಹೆಸರು ಹೇಳಿದರು, ಟ್ರ್ಯಾಕಿನ ಅಂಚಿನಲ್ಲಿ ಅಕ್ಕಪಕ್ಕ ಕೂತು ಲೇಸು ಬಿಗಿದರು. ಒಬ್ಬಳ ಲೇಸಿನ ಕೊನೆ ಸಿಗದೆ ಇನ್ನೊಬ್ಬಳು ಎತ್ತಿಕೊಟ್ಟಳು. ಇನ್ನೇನು ಇಬ್ಬರೂ ಒಬ್ಬರನ್ನೊಬ್ಬರು ಸೋಲಿಸಲು ಹೊರಟವರು.

ಅಷ್ಟರಲ್ಲಿ ತಾಳೆಯಕ್ಕ ಹಣೆ ಚಚ್ಚಿಕೊಂಡಳು. ಗಡಿಬಿಡಿಯಲ್ಲಿ ಐದರ ಶೂಗಳಿಗೆ ಬಿಲ್ಲೇ ಆಗಿರಲಿಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿ ಅದು ಇನ್ನೂ ರ‍್ಯಾಕಿನಲ್ಲೇ ಇತ್ತು. ಬೆಳಿಗ್ಗೆ ಅಷ್ಟುದ್ದ ಮಾತಾಡಿದವಳ ಕಥೆ ನೋಡಿ. ಲಂಬೂಗೆ ಫೋನ್ ಮಾಡಿದಳು.

"ಮೊಳೆ ಶೂ ಐದಕ್ಕೆ ಈಗಲೇ ಬಿಲ್ ಹಾಕು. ಯಾರಾದ್ರೂ ಕೇಳಿದ್ರೆ ಇದೆ ಅಂತ ಹೇಳ್ಬಿಟ್ಟೀಯ."

"ಆಗಲೇ ಒಬ್ರು ಕೇಳಿದ್ರು ಅಕ್ಕ. ಕಂಪ್ಯೂಟರಲ್ಲಿ ಒಂದು ಅಂತಾನೇ ಇತ್ತು. ರ‍್ಯಾಕಿಗೆ ಹೋಗಿ ನೋಡ್ದೆ, ಇರ್ಲಿಲ್ಲ. ಇಲ್ಲ ಅಂದೆ."

ಇಂಥ ಸಂತೋಷ ಅವಳಿಗೆ ಸಂಬಳ ಏರಿದಾಗಲೂ ಆಗಿರಲಿಲ್ಲ.

ಪಿಸ್ತೂಲು ಢಂ ಎಂದಿತು. ಮೊದಲ ತಿರುವಿನಲ್ಲಿ ಯಾರು ಮುಂದೆ ಯಾರು ಹಿಂದೆ ಎಂದೇ ತಿಳಿಯಲಿಲ್ಲ. ಆಚೆ ಬದಿಯ ನೇರದಲ್ಲಿ ಆರನೇ ಸೈಜಿನ ಹುಡುಗಿ ಬಿಲ್ಲಿನಿಂದ ಬಿಟ್ಟ ಬಾಣವಾದಳು. ಕ್ಷೌರಿಕರ ಮಗಳು ನಾಲ್ಕನೆಯವಳಾಗಿದ್ದಳು. ಕ್ಷೌರಿಕರು ಕಣ್ಣು ಮುಚ್ಚಿಕೊಂಡು "ಹೇಳಿ, ಏನಾಗ್ತಿದೆ ಹೇಳಿ" ಎನ್ನುತ್ತಿದ್ದರು, ಕಂಡಕ್ಟರರು ಹೇಳುತ್ತಿದ್ದರು, ತಾಳೆಯಕ್ಕ ಮಾತ್ರ ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಕೊನೆಯ ತಿರುವಿನಲ್ಲಿ ಹುಡುಗಿ ಬಲಗಾಲನ್ನು ಊರಿ ಒಳಕ್ಕೆ ವಾಲಿದಳು, ಕಾಲು ಜಾರಲಿಲ್ಲ. ಒಬ್ಬಳನ್ನು ದಾಟಿದಳು. ಗೆರೆಗೆ ಇನ್ನು ನಾಲ್ಕು ಹೆಜ್ಜೆ ಇರುವಾಗ ಇನ್ನೊಬ್ಬಳ ಸಮಕ್ಕೆ ಬಂದಳು, ಎದೆ ಮುಂದೆ ಚಾಚಿ ಗೆರೆಯ ಮೇಲೆ ಬಿದ್ದಳು. ತೀರ್ಪುಗಾರರು ತಲೆ ತಲೆ ಸೇರಿಸಿದರು. ಮೈಕು ಸ್ವಲ್ಪ ಹೊತ್ತು ಗೊರಗುಟ್ಟಿತು. ಆಮೇಲೆ ಎರಡನೆಯ ಸ್ಥಾನಕ್ಕೆ ಅವಳ ನಂಬರನ್ನು ಹೇಳಿತು.

ಕ್ಷೌರಿಕರು ನಿಂತಲ್ಲೇ ಕುಸಿದು ಕೂತು ಅತ್ತರು. ಅಳುತ್ತಲೇ ನಕ್ಕು, "ಮೊದಲು ಬಂದೋಳಿಗೂ ನೀವೇ ಶೂ ಕೊಟ್ರಲ್ಲ ಅಮ್ಮ. ಇಲ್ಲದಿದ್ರೆ ನನ್ನ ಮಗಳೇ ಫಸ್ಟು," ಎಂದರು. ತಾಳೆಯಕ್ಕನೂ ನಗುತ್ತಿದ್ದಳು, ಅವಳಿಗೆ ಕುಣಿಯಬೇಕೆನಿಸಿತ್ತು.

ಆಗ ಮೊದಲು ಬಂದವಳು ಸುಧಾರಿಸಿಕೊಳ್ಳುತ್ತ ಹತ್ತಿರ ಬಂದಳು. ಅವಳ ಜೊತೆ ಯಾರೂ ಇರಲಿಲ್ಲ. ಅವಳು ಯಾರಿಗೂ ಫೋನ್ ಮಾಡಿ ಕೇಳಿರಲಿಲ್ಲ, ಅಂಗಡಿಗೆ ಬಂದು ಜಗಳ ಆಡಿರಲಿಲ್ಲ. ಕ್ಷೌರಿಕರ ಫೋನು ಬರದೇ ಹೋಗಿದ್ದರೆ ಅವಳು ಗ್ಯಾಲರಿಯ ತುದಿಯಲ್ಲಿ ಹಾಗೇ ಕೂತಿರುತ್ತಿದ್ದಳು, ಅಂಗಡಿಯಲ್ಲಿ ಯಾರಿಗೂ ಅದು ಗೊತ್ತಾಗುತ್ತಲೂ ಇರಲಿಲ್ಲ. ಇದು ತಾಳೆಯಕ್ಕನಿಗೆ ಹೊಳೆದದ್ದು ಆಗ, ಮತ್ತು ಅವಳ ನಗು ಹಾಗೇ ನಿಂತಿತು.

"ರಾತ್ರಿ ಹಾಕಿ ನೋಡಿದಾಗ ಬಲಗಾಲು ಹಿಡೀತಾ ಇತ್ತು ಅಕ್ಕ," ಎಂದಳು ಹುಡುಗಿ. "ಕಾಲು ಊದಿದೆ ಅನ್ಕೊಂಡೆ. ಬೆಳಗಿನವರೆಗೂ ಐಸ್ ಇಟ್ಕೊಂಡು ಕೂತಿದ್ದೆ. ಪೆಟ್ಟಿಗೆ ಮೇಲೆ ಆರು ಅಂತ ಬರೆದಿತ್ತಲ್ಲ, ಶೂನೇ ತಪ್ಪಿರುತ್ತೆ ಅಂತ ನನಗೆ ಅನ್ನಿಸ್ಲೇ ಇಲ್ಲ."

ತಾಳೆಯಕ್ಕ ಅವಳ ಎರಡೂ ಕೈ ಹಿಡಿದುಕೊಂಡಳು. ಕಂಡಕ್ಟರರು ಪಕ್ಕಕ್ಕೆ ತಿರುಗಿ ತೋಳಿನಿಂದ ಕಣ್ಣೊರೆಸಿಕೊಂಡರು.